ಮಾತು ತಿದ್ದಿದರೆ ಸಾಲದು, ಪಾಠದ ಕ್ರಮ ತಿದ್ದಬೇಕು

ಸೂಕ್ಷ್ಮ ಬೋಧನೆಯ ಚಕ್ರ ನಮಗೆಲ್ಲ ಬಾಯಿಪಾಠವಾಗಿದೆ. ಎನ್‌ಸಿಇಆರ್‌ಟಿ ರೂಪಿಸಿದ ಭಾರತೀಯ ಮಾದರಿಯಲ್ಲಿ ಬೋಧನೆಗೆ 6 ನಿಮಿಷ, ಹಿಮ್ಮಾಹಿತಿಗೆ 6, ಮರುಯೋಜನೆಗೆ 12, ಮರುಬೋಧನೆಗೆ 6, ಮರುಹಿಮ್ಮಾಹಿತಿಗೆ 6, ಒಟ್ಟು 36 ನಿಮಿಷ. ಪರೀಕ್ಷೆಯಲ್ಲಿ ಈ ವೃತ್ತವನ್ನು ಬರೆದು ಅಂಕ ಪಡೆಯುತ್ತೇವೆ. ಆದರೆ ಈ ಸಂಖ್ಯೆಗಳಲ್ಲಿ ಒಂದು ಮಾತ್ರ ಉಳಿದವುಗಳ ಎರಡರಷ್ಟಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಪಾಠ ಮಾಡುವುದಕ್ಕಿಂತ, ಟೀಕೆ ಕೇಳುವುದಕ್ಕಿಂತ ಮರುಯೋಜನೆಗೆ ಹೆಚ್ಚು ಹೊತ್ತು ಬೇಕು ಎಂಬುದು ಆ ಮಾದರಿಯೊಳಗೇ ಅಡಗಿರುವ ಮಾತು.

ಪೂರ್ಣಾವಧಿ ಪಾಠದ ಪೂರ್ವಾಭ್ಯಾಸಕ್ಕೆ ಬಂದಾಗ ಮೊದಲು ಮಾಯವಾಗುವುದೇ ಈ ಮರುಯೋಜನೆ. ಸಹಪಾಠಿಗಳು ಒಬ್ಬೊಬ್ಬರಾಗಿ ಹೇಳುತ್ತಾರೆ, ಪಾಠ ಮಾಡಿದವರು ತಲೆಯಾಡಿಸುತ್ತಾ ಬರೆದುಕೊಳ್ಳುತ್ತಾರೆ. ಆ ರಾತ್ರಿ ಪಾಠಯೋಜನೆಯ ಕೆಲವು ವಾಕ್ಯಗಳು ಬದಲಾಗುತ್ತವೆ. ಒಂದು ಉದಾಹರಣೆ ಸೇರುತ್ತದೆ, ಒಂದು ಕಠಿಣ ಪದದ ಬದಲು ಸುಲಭ ಪದ ಬರುತ್ತದೆ, 'ಧ್ವನಿ ಏರಿಸಬೇಕು' ಎಂದು ಪೆನ್ಸಿಲಿನಲ್ಲಿ ಗುರುತು ಬೀಳುತ್ತದೆ. ಮರುದಿನ ಶಾಲೆಯಲ್ಲಿ ನಡೆಯುವುದು ಮಾತ್ರ ಅದೇ ಪಾಠ. ಬಂದ ಟೀಕೆಗಳಲ್ಲಿ ಬಹುಪಾಲು ನಮ್ಮ ಮಾತಿನ ಬಗ್ಗೆ ಇರುವಂತೆ ಕಂಡರೂ ನಿಜವಾಗಿ ಅವು ಪಾಠದ ಕ್ರಮ, ಪ್ರಮಾಣ ಮತ್ತು ಕೆಲಸದ ಹಂಚಿಕೆಯ ಬಗ್ಗೆ ಇರುತ್ತವೆ ಎಂಬುದು ನನ್ನ ಅಭಿಪ್ರಾಯ. ಅವನ್ನು ಆ ಮಟ್ಟದಲ್ಲಿ ಓದುವ ವಿಧಾನ ನಮಗೆ ಗೊತ್ತಿಲ್ಲದಿರುವುದರಿಂದ ಪದಗಳನ್ನು ತಿದ್ದಿ ಸಮಾಧಾನ ಪಡುತ್ತೇವೆ. ನಮ್ಮ ವಿಜ್ಞಾನ ಗುಂಪಿನಲ್ಲಿ ನಡೆದ ಒಂದು ಪಾಠವನ್ನು ಇಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಪಾಠ ಮಾಡಿದ ಗೆಳತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಪಾಠ ಮತ್ತು ಒಂಬತ್ತು ಟೀಕೆಗಳು

ಹತ್ತನೆಯ ತರಗತಿಯ ಓಮನ ನಿಯಮ, ನಲವತ್ತು ನಿಮಿಷದ ಅವಧಿ. ಅವರ ಯೋಜನೆ ಹೀಗಿತ್ತು: ಪೀಠಿಕೆ 5 ನಿಮಿಷ, ನಿಯಮದ ಹೇಳಿಕೆ ಮತ್ತು ಸೂತ್ರ 6, ರೋಧದ ವ್ಯಾಖ್ಯೆ ಮತ್ತು ಏಕಮಾನ 5, ಪ್ರಯೋಗ 12, ಗ್ರಾಫ್ 5, ಎರಡು ಲೆಕ್ಕಗಳು 5, ಮೌಲ್ಯಮಾಪನ 2. ನಮ್ಮಲ್ಲಿ ಎಂಟು ಮಂದಿ ವಿದ್ಯಾರ್ಥಿಗಳಾಗಿ ಕುಳಿತೆವು, ಇಬ್ಬರು ವೀಕ್ಷಕರಾದರು. ಗಡಿಯಾರ ನೋಡಿಕೊಂಡು ಯಾವ ನಿಮಿಷಕ್ಕೆ ಏನು ನಡೆಯಿತು ಎಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಡೆದದ್ದು ಹೀಗೆ: ಪೀಠಿಕೆ ಐದೇ ನಿಮಿಷದಲ್ಲಿ ಮುಗಿಯಿತು. ನಿಯಮಕ್ಕೆ 8, ರೋಧಕ್ಕೆ 7, ಪ್ರಯೋಗಕ್ಕೆ 16 ನಿಮಿಷ ಹಿಡಿಯಿತು. ಗ್ರಾಫ್‌ಗೆ ಉಳಿದದ್ದು ನಾಲ್ಕು ನಿಮಿಷ. ಲೆಕ್ಕಗಳಿಗೂ ಮೌಲ್ಯಮಾಪನಕ್ಕೂ ಹೊತ್ತೇ ಸಿಗಲಿಲ್ಲ. ಆಮೇಲೆ ಬಂದ ಟೀಕೆಗಳಿವು:

1. ನಿಯಮ ಹೇಳುವಾಗ ವೇಗ ಹೆಚ್ಚಾಯಿತು (7ನೇ ನಿಮಿಷ).
2. 'ನೇರ ಅನುಪಾತ' ಎಂಬುದನ್ನು ಇನ್ನೂ ಸರಳವಾಗಿ ಹೇಳಬಹುದಿತ್ತು (9ನೇ ನಿಮಿಷ).
3. 'ರೋಧ ಎಂದರೇನು?' ಎಂದಾಗ ಯಾರೂ ಉತ್ತರಿಸಲಿಲ್ಲ, ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕಿತ್ತು (15ನೇ ನಿಮಿಷ).
4. ಕಪ್ಪುಹಲಗೆಯಲ್ಲಿ ಅಳತೆಗಳ ಕೋಷ್ಟಕಕ್ಕೆ ಜಾಗ ಉಳಿಯಲಿಲ್ಲ, ಅಕ್ಷರ ಚಿಕ್ಕದಾಗಿರಲಿ (22ನೇ ನಿಮಿಷ).
5. ಪ್ರಯೋಗ ನಡೆಯುವಾಗ ಮಕ್ಕಳು ಸುಮ್ಮನೆ ನೋಡುತ್ತಿದ್ದರು, ಆಸಕ್ತಿ ಮೂಡಿಸುವ ಮಾತು ಬೇಕಿತ್ತು (27ನೇ ನಿಮಿಷ).
6. ಗ್ರಾಫ್ ಅವಸರವಾಯಿತು (38ನೇ ನಿಮಿಷ).
7. ಮೌಲ್ಯಮಾಪನ ಆಗಲಿಲ್ಲ.
8. 'ಅರ್ಥವಾಯಿತಾ?' ಎಂಬ ಮಾತು ಹದಿನಾಲ್ಕು ಸಲ ಬಂತು.
9. ಒಮ್ಮೆ 'ವಿಭವಾಂತರ' ಎಂದರು, ಒಮ್ಮೆ 'ವೋಲ್ಟೇಜ್' ಎಂದರು.

ಈ ಪಟ್ಟಿಯನ್ನು ಹಿಡಿದು ಯಾರಾದರೂ ಒಂದೊಂದಕ್ಕೂ ಒಂದೊಂದು ತಿದ್ದುಪಡಿ ಮಾಡಬಲ್ಲರು. ನಿಧಾನವಾಗಿ ಹೇಳುವುದು, ನೇರ ಅನುಪಾತಕ್ಕೆ 'ಒಂದು ಹೆಚ್ಚಾದಂತೆ ಇನ್ನೊಂದೂ ಅಷ್ಟೇ ಪಟ್ಟು ಹೆಚ್ಚುವುದು' ಎಂದು ಸೇರಿಸುವುದು, ಹಲಗೆಯ ಅಕ್ಷರ ಚಿಕ್ಕದು ಮಾಡುವುದು, 'ಅರ್ಥವಾಯಿತಾ' ಬಿಡುವುದು. ಒಂಬತ್ತಕ್ಕೆ ಒಂಬತ್ತು ಉತ್ತರ ಸಿಕ್ಕಿತು. ಟೀಕಿಸಿದ ಪ್ರತಿಯೊಬ್ಬರಿಗೂ ತಮ್ಮ ಮಾತಿಗೆ ಬೆಲೆ ಸಿಕ್ಕಿತು ಅನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ: ನಿಯಮವನ್ನು ನಿಧಾನವಾಗಿ ಹೇಳಿ ಒಂದು ವಿವರಣೆಯನ್ನೂ ಸೇರಿಸಿದರೆ ಆ ಭಾಗ ಎಂಟು ನಿಮಿಷದಿಂದ ಹತ್ತಕ್ಕೆ ಏರುತ್ತದೆ. ಗ್ರಾಫ್‌ಗೆ ಉಳಿದಿದ್ದ ನಾಲ್ಕು ನಿಮಿಷ ಎರಡಾಗುತ್ತದೆ. ಮೊದಲ ಎರಡು ಟೀಕೆಗಳಿಗೆ ಕೊಟ್ಟ ಉತ್ತರವೇ ಆರನೆಯ ಮತ್ತು ಏಳನೆಯ ಟೀಕೆಯನ್ನು ಇನ್ನಷ್ಟು ನಿಜ ಮಾಡುತ್ತದೆ. ಒಂದೊಂದಕ್ಕೆ ಒಂದೊಂದು ಎಂದು ತಿದ್ದುವ ಪದ್ಧತಿಯ ದೊಡ್ಡ ದೋಷ ಇದು.

ಲಕ್ಷಣ ಕಂಡ ಸಾಲು, ಕಾರಣ ಇರುವ ಸಾಲು

ಇದರಿಂದ ಹೊರಬರಲು ನಾವು ಮಾಡಿದ್ದು ಸರಳ ಕೆಲಸ. ಪಾಠಯೋಜನೆಯ ಏಳು ಹಂತಗಳನ್ನು ಒಂದು ಉದ್ದ ಹಾಳೆಯಲ್ಲಿ ಏಳು ಸಾಲಾಗಿ ಬರೆದೆವು. ಒಂದೊಂದು ಟೀಕೆಯನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅದು ಯಾವ ನಿಮಿಷದಲ್ಲಿ ಕಂಡಿತೋ ಆ ಸಾಲಿನ ಎದುರು ಇಟ್ಟೆವು. ನಂತರ ಪ್ರತಿ ಚೀಟಿಗೂ ಒಂದೇ ಪ್ರಶ್ನೆ ಕೇಳಿದೆವು: ಇದು ಆಗದಿರಬೇಕಾದರೆ ಅದಕ್ಕೆ ಮುಂಚೆ ಏನು ನಡೆದಿರಬೇಕಿತ್ತು? ಅಥವಾ ಏನು ನಡೆಯಬಾರದಿತ್ತು? ಉತ್ತರ ಯಾವ ಸಾಲಿನಲ್ಲಿದೆಯೋ ಆ ಸಾಲಿಗೆ ಚೀಟಿಯಿಂದ ಗೆರೆ ಎಳೆದೆವು.

ಗೆರೆ ಅದೇ ಸಾಲಿಗೆ ಮರಳಿದರೆ ಅದು ಸ್ಥಳೀಯ ದೋಷ, ಅಲ್ಲೇ ತಿದ್ದಿದರೆ ಸಾಕು. ಗೆರೆ ಬೇರೆ ಸಾಲಿಗೆ ಹೋದರೆ ಅದು ರಚನೆಯ ದೋಷ. ಕಂಡ ಜಾಗದಲ್ಲಿ ಎಷ್ಟು ಮಾತು ಬದಲಿಸಿದರೂ ಅದು ಹೋಗದು. ಪದ ತಿದ್ದಬೇಕೋ ರಚನೆ ತಿದ್ದಬೇಕೋ ಎಂಬ ತೀರ್ಮಾನಕ್ಕೆ ಈ ಒಂದು ಪರೀಕ್ಷೆ ಸಾಕು.

ಎರಡನೆಯ ಟೀಕೆಯನ್ನೇ ನೋಡಿ. 'ನೇರ ಅನುಪಾತ' ಏಕೆ ಕಠಿಣವೆನಿಸಿತು? ಹತ್ತನೆಯ ತರಗತಿಯ ಮಕ್ಕಳು ಗಣಿತದಲ್ಲಿ ಆ ಪದವನ್ನು ಆಗಲೇ ಕಂಡಿದ್ದಾರೆ. ಒಂಬತ್ತನೆಯ ನಿಮಿಷದಲ್ಲಿ ಹಲಗೆಯ ಮೇಲೆ ಒಂದು ಅಳತೆಯೂ ಇರಲಿಲ್ಲ. ಯಾವುದು ಯಾವುದಕ್ಕೆ ಅನುಪಾತದಲ್ಲಿದೆ ಎಂದು ತೋರಿಸಲು ಸಂಖ್ಯೆಗಳಿಲ್ಲದಾಗ ಯಾವ ಸರಳ ಪದ ಬಳಸಿದರೂ ಅದು ಗಾಳಿಯಲ್ಲೇ ನಿಲ್ಲುತ್ತದೆ. ಸಂಖ್ಯೆಗಳು ಬರುವುದು ನಾಲ್ಕನೆಯ ಸಾಲಿನಲ್ಲಿ, ಪ್ರಯೋಗದ ಹೊತ್ತಿಗೆ. ಗೆರೆ ಅಲ್ಲಿಗೆ ಹೋಯಿತು. ಮೂರನೆಯ ಟೀಕೆಯದೂ ಅದೇ ಕಥೆ. ರೋಧವೆಂದರೆ V/I ಎಂಬ ಅನುಪಾತದ ಹೆಸರು. ಆ ಅನುಪಾತವನ್ನು ಒಮ್ಮೆಯೂ ಲೆಕ್ಕಹಾಕದ ಮಗುವಿಗೆ ಆ ಹೆಸರು ಏನನ್ನೂ ಸೂಚಿಸುವುದಿಲ್ಲ. ಪ್ರಶ್ನೆಯನ್ನು ಯಾವ ರೀತಿ ಕೇಳಿದರೂ ಮೌನವೇ ಉತ್ತರ.

ಹಲಗೆಯಲ್ಲಿ ಜಾಗವಿಲ್ಲದ್ದಕ್ಕೆ ಅಕ್ಷರದ ಗಾತ್ರ ಕಾರಣವಲ್ಲ. ನಿಯಮ, ಸೂತ್ರ, ವ್ಯಾಖ್ಯೆ, ಏಕಮಾನ ಎಲ್ಲವೂ ಮೊದಲೇ ಬಂದು ಮುಕ್ಕಾಲು ಹಲಗೆ ತುಂಬಿಸಿದ್ದವು. ಮಕ್ಕಳು ಸುಮ್ಮನೆ ನೋಡುತ್ತಿದ್ದುದಕ್ಕೂ ಮಾತಿನ ಕೊರತೆ ಕಾರಣವಲ್ಲ. ಉತ್ತರ ಹಲಗೆಯ ಮೇಲೆ ಬರೆದಾಗಿದೆ. ಪ್ರಯೋಗ ಅದನ್ನೇ ಮತ್ತೊಮ್ಮೆ ಹೇಳುತ್ತದೆ ಎಂದು ಅವರಿಗೆ ಗೊತ್ತು. ಕಂಡುಹಿಡಿಯುವುದಕ್ಕೆ ಏನೂ ಉಳಿದಿರಲಿಲ್ಲ. ಮೊದಲ ಟೀಕೆಯಲ್ಲಿ ಹೇಳಿದ 'ವೇಗ'ವೂ ಹಾಗೆಯೇ: ಅವರ ಮಾತಿನ ವೇಗ ಪೀಠಿಕೆಯಲ್ಲಿದ್ದಷ್ಟೇ ಇತ್ತು. ಹಿಡಿದುಕೊಳ್ಳಲು ಆಧಾರವಿಲ್ಲದ ಮಾತು ಕೇಳುವವರಿಗೆ ವೇಗವಾಗಿ ಕೇಳಿಸುತ್ತದೆ.

ಹೀಗೆ ಐದು ಚೀಟಿಗಳ ಗೆರೆಗಳು ಒಂದೇ ಕಡೆ ಕೂಡಿದವು. ನಿಯಮ ಪ್ರಯೋಗಕ್ಕಿಂತ ಮೊದಲು ಬಂದಿದೆ ಎಂಬುದೇ ಆ ಕಡೆ. ಗ್ರಾಫ್ ಮತ್ತು ಮೌಲ್ಯಮಾಪನದ ಗೆರೆಗಳು ಎರಡು ಮತ್ತು ಮೂರನೆಯ ಸಾಲು ನುಂಗಿದ ಹದಿನೈದು ನಿಮಿಷಕ್ಕೆ ಹೋದವು. 'ಅರ್ಥವಾಯಿತಾ?' ಎಂಬ ಚೀಟಿಯ ಗೆರೆಗೆ ಮಾತ್ರ ಹೋಗಲು ಜಾಗವೇ ಇರಲಿಲ್ಲ, ಏಕೆಂದರೆ ಮಕ್ಕಳಿಗೆ ತಿಳಿಯಿತೋ ಇಲ್ಲವೋ ಎಂದು ನೋಡುವ ಒಂದು ಹಂತವೂ ಕೊನೆಯ ಎರಡು ನಿಮಿಷದ ತನಕ ಯೋಜನೆಯಲ್ಲಿರಲಿಲ್ಲ. ತಿಳಿದುಕೊಳ್ಳಲು ಬೇರೆ ದಾರಿಯಿಲ್ಲದ ಶಿಕ್ಷಕಿ ಹದಿನಾಲ್ಕು ಸಲ ಬಾಯಲ್ಲೇ ಕೇಳಿದರು. ಆ ಮಾತನ್ನು ಅಳಿಸಿದರೆ ಕೇಳುವುದು ನಿಲ್ಲುತ್ತದೆ, ತಿಳಿಯದಿರುವುದು ಹಾಗೇ ಉಳಿಯುತ್ತದೆ.

ಒಂಬತ್ತರಲ್ಲಿ ನಿಜವಾಗಿ ಪದದ ದೋಷ ಇದ್ದದ್ದು ಒಂದೇ, ವಿಭವಾಂತರ ಮತ್ತು ವೋಲ್ಟೇಜ್ ಕಲಸಿಹೋದದ್ದು. ಅದಕ್ಕೆ ಪಠ್ಯಪುಸ್ತಕದ ಪದ ಒಂದನ್ನೇ ಬಳಸುವುದು ಎಂದು ತೀರ್ಮಾನಿಸಲು ಅರ್ಧ ನಿಮಿಷ ಸಾಕಾಯಿತು.

ಕ್ರಮ ತಲೆಕೆಳಗಾದದ್ದು ಹೇಗೆ

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪಠ್ಯಪುಸ್ತಕದಲ್ಲಿ ಕ್ರಮ ಸರಿಯಾಗಿಯೇ ಇದೆ. ಅಲ್ಲಿ ಮೊದಲು ಬರುವುದು ಚಟುವಟಿಕೆ: ಸುಮಾರು 0.5 ಮೀಟರ್ ಉದ್ದದ ನಿಕ್ರೋಮ್ ತಂತಿ, ಅಮ್ಮೀಟರ್, ವೋಲ್ಟ್‌ಮೀಟರ್, ತಲಾ 1.5 ವೋಲ್ಟಿನ ನಾಲ್ಕು ಕೋಶಗಳು. ಒಂದು ಕೋಶದಿಂದ ಆರಂಭಿಸಿ ನಾಲ್ಕರ ತನಕ ಹೋಗಿ, ಪ್ರತಿ ಸಲ V/I ಲೆಕ್ಕಹಾಕಿ, ಗ್ರಾಫ್ ಎಳೆದ ಮೇಲೆಯೇ 1827ರಲ್ಲಿ ಜಾರ್ಜ್ ಸೈಮನ್ ಓಮ್ ಕಂಡುಕೊಂಡದ್ದು ಇದೇ ಎಂಬ ಮಾತು ಬರುತ್ತದೆ.

ನಮ್ಮ ಪಾಠಯೋಜನೆಗಳಲ್ಲಿ ಇದು ತಿರುವು ಮುರುವಾಗುವುದು ನಮೂನೆಯ ಕಾರಣದಿಂದ ಎಂದು ನನಗನಿಸುತ್ತದೆ. ನಮೂನೆಯ ಮೊದಲ ಅಂಕಣ 'ಬೋಧನಾಂಶ'. ಅಲ್ಲಿ ಬರೆಯಬೇಕೆಂದರೆ ನಿಯಮ, ವ್ಯಾಖ್ಯೆ, ಸೂತ್ರಗಳೇ ಕೈಗೆ ಸಿಗುತ್ತವೆ. ಅವನ್ನು ಮೇಲಿನಿಂದ ಕೆಳಗೆ ಬರೆದು, ಒಂದೊಂದರ ಪಕ್ಕಕ್ಕೆ ಚಟುವಟಿಕೆಯನ್ನು ತುಂಬುತ್ತಾ ಹೋಗುತ್ತೇವೆ. ಬರೆಯಲು ಅನುಕೂಲವಾದ ಕ್ರಮವೇ ಪಾಠದ ಕ್ರಮವಾಗಿಬಿಡುತ್ತದೆ.

ಬದಲಾದ ಯೋಜನೆ

ಗೆರೆಗಳನ್ನು ನೋಡಿದ ಮೇಲೆ ಮಾಡಿದ ಬದಲಾವಣೆಗಳು ನಾಲ್ಕೇ. ಮೊದಲನೆಯದು ಸ್ಥಳಾಂತರ: ನಿಯಮ ಮತ್ತು ರೋಧದ ವ್ಯಾಖ್ಯೆ ಎರಡೂ ಪ್ರಯೋಗದ ಹಿಂದಕ್ಕೆ ಹೋಗಿ ಒಂದೇ ಹಂತವಾದವು. ಎರಡನೆಯದು ಕಡಿತ: ಎರಡು ಲೆಕ್ಕಗಳಲ್ಲಿ ಒಂದನ್ನು ಮನೆಗೆಲಸಕ್ಕೆ ಕಳಿಸಿದೆವು. ಮೂರನೆಯದು ಕೈ ಬದಲಾವಣೆ: ಅಳತೆ ಓದುವುದು, ಕೋಷ್ಟಕ ತುಂಬುವುದು, V/I ಲೆಕ್ಕಹಾಕುವುದು ಶಿಕ್ಷಕಿಯ ಕೈಯಿಂದ ಮಕ್ಕಳ ಕೈಗೆ ಹೋದವು. ನಾಲ್ಕನೆಯದು ನಿಲುಗಡೆ: ನಿಯಮ ಹೇಳಿದ ಕೂಡಲೇ, ಲೆಕ್ಕಕ್ಕೆ ಹೋಗುವ ಮೊದಲು, ಎಲ್ಲರೂ ಬರೆದು ಉತ್ತರಿಸುವ ಒಂದು ಪ್ರಶ್ನೆ.

ಹೊಸ ಯೋಜನೆ ಹೀಗಾಯಿತು: ಪೀಠಿಕೆಯೊಡನೆ ಊಹೆ 4 ನಿಮಿಷ, ಪ್ರಯೋಗ 12, ಅನುಪಾತ ಮತ್ತು ಗ್ರಾಫ್ 8, ಹೆಸರಿಡುವುದು ಮತ್ತು ನಿಯಮ 6, ನಿಲುಗಡೆ ಪ್ರಶ್ನೆ 3, ಒಂದು ಲೆಕ್ಕ 5, ಮೌಲ್ಯಮಾಪನ ಚೀಟಿ 2. ಒಟ್ಟು ನಲವತ್ತು. ಊಹೆಯ ಹಂತದಲ್ಲಿ ಒಂದು ಕೋಶ ಜೋಡಿಸಿ ಪ್ರವಾಹ ಓದಿ ಹೇಳುತ್ತಾರೆ. ಎರಡು ಕೋಶ ಹಾಕಿದರೆ ಎಷ್ಟಾಗಬಹುದು ಎಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆಯುತ್ತಾರೆ. ಬರೆದ ಮೇಲೆ ಅಮ್ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದು ಅವರವರ ಸ್ವಂತ ಪ್ರಶ್ನೆಯಾಗುತ್ತದೆ. ನಿಲುಗಡೆಯ ಪ್ರಶ್ನೆ: 'ಒಂದು ತಂತಿಗೆ 3 ವೋಲ್ಟ್ ಕೊಟ್ಟಾಗ 0.3 ಆಂಪೇರ್ ಹರಿಯುತ್ತದೆ. ಅದೇ ತಂತಿಗೆ 4.5 ವೋಲ್ಟ್ ಕೊಟ್ಟರೆ ಎಷ್ಟು? ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ.' 0.45 ಎಂಬ ಉತ್ತರಕ್ಕಿಂತ ಆ ಒಂದು ಸಾಲಿನ ಕಾರಣ ಹೆಚ್ಚು ಹೇಳುತ್ತದೆ. 'ಅರ್ಥವಾಯಿತಾ?' ಎಂದು ಕೇಳುವ ಅಗತ್ಯವೂ ಅಲ್ಲಿಗೆ ಮುಗಿಯುತ್ತದೆ.

ಇವುಗಳಲ್ಲಿ ಪ್ರಶಿಕ್ಷಣಾರ್ಥಿಗಳಾದ ನಮಗೆ ಅತಿ ಕಷ್ಟವಾದದ್ದು ಕಡಿತ. ಟೀಕೆ ಬಂದ ಕೂಡಲೇ ನಮ್ಮ ಮನಸ್ಸು ಸೇರಿಸುವ ಕಡೆಗೆ ಓಡುತ್ತದೆ: ಇನ್ನೊಂದು ಚಾರ್ಟ್, ಇನ್ನೊಂದು ಉದಾಹರಣೆ, ಇನ್ನೊಂದು ಪ್ರಶ್ನೆ. ಆದರೆ ಅವಧಿ ನಲವತ್ತೇ ನಿಮಿಷ. ಏನನ್ನೂ ತೆಗೆಯದೆ ಸೇರಿಸಿದ್ದೆಲ್ಲ ಕೊನೆಯ ಸಾಲುಗಳನ್ನು ಹೊರಗೆ ತಳ್ಳುತ್ತದೆ, ಮತ್ತು ಕೊನೆಯ ಸಾಲು ಯಾವಾಗಲೂ ಮೌಲ್ಯಮಾಪನವೇ. ಆದ್ದರಿಂದ ಗುಂಪಿನಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡೆವು: ಏನಾದರೂ ಸೇರಿಸಲು ಹೇಳುವವರು ಏನನ್ನು ತೆಗೆಯಬೇಕು ಎಂಬುದನ್ನೂ ಹೇಳಬೇಕು.

ಮರುತಾಲೀಮು ಯಾವ ಭಾಗಕ್ಕೆ, ಯಾರ ಮುಂದೆ

ರಚನೆ ಬದಲಾಗಿದ್ದರೆ ಅದನ್ನು ಮತ್ತೊಮ್ಮೆ ನಡೆಸಿ ನೋಡಲೇಬೇಕು. ಪದ ಬದಲಿಸಿದರೆ ಆಗುವ ಹಾನಿ ಕಡಿಮೆ, ಕ್ರಮ ಬದಲಿಸಿದರೆ ಹೊಸ ಜಾಗದಲ್ಲಿ ಹೊಸ ತೊಡಕು ಹುಟ್ಟುತ್ತದೆ. ಆದರೆ ನಲವತ್ತು ನಿಮಿಷವನ್ನೂ ಮತ್ತೆ ಮಾಡುವಷ್ಟು ಸಮಯ ಯಾರಿಗೂ ಇಲ್ಲ. ಬದಲಾದ ಕೀಲನ್ನು ಮಾತ್ರ, ಅಂದರೆ ಊಹೆಯಿಂದ ಅನುಪಾತದ ತನಕ, ಮತ್ತೆ ನಡೆಸಿದರೆ ಸಾಕು.

ಅದಕ್ಕಿಂತ ಮುಖ್ಯವಾದದ್ದು ಯಾರು ಮಕ್ಕಳಾಗಿ ಕೂರುತ್ತಾರೆ ಎಂಬುದು. ಭೌತವಿಜ್ಞಾನ ಓದಿದ ನಾವೆಲ್ಲ ಓಮನ ನಿಯಮ ತಿಳಿದವರು. ಕ್ರಮ ತಪ್ಪಿದ್ದರೂ ನಮಗೆ ಅರ್ಥವಾಗುತ್ತದೆ, ಏಕೆಂದರೆ ಬಿಟ್ಟುಹೋದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಮೊದಲ ಸಲ ನಮಗೆ ಹೊಳೆದದ್ದೆಲ್ಲ ಮಾತಿನ ಟೀಕೆಯಾಗಿದ್ದುದಕ್ಕೆ ಇದೂ ಒಂದು ಕಾರಣ. ಎರಡನೆಯ ಸಲ ಕನ್ನಡ ಮತ್ತು ಸಮಾಜ ವಿಜ್ಞಾನ ವಿಭಾಗದ ಆರು ಮಂದಿಯನ್ನು ಕರೆದೆವು. ಅದರಲ್ಲಿ ಒಬ್ಬರ ಕೈಗೆ ಒಂದು ಪಾತ್ರದ ಚೀಟಿ ಕೊಟ್ಟೆವು: 'ತಂತಿಯಲ್ಲಿ ಹೋಗುತ್ತಾ ಹೋಗುತ್ತಾ ಕರೆಂಟ್ ಖರ್ಚಾಗಿಬಿಡುತ್ತದೆ ಎಂದು ನೀವು ನಂಬುತ್ತೀರಿ.' ಶಾಲೆಯ ಮಕ್ಕಳಲ್ಲಿ ಬಲವಾಗಿ ಬೇರೂರಿರುವ ತಪ್ಪು ಕಲ್ಪನೆಗಳಲ್ಲಿ ಇದೂ ಒಂದು.

ಊಹೆಯ ಹಂತದಲ್ಲಿ ನಾಲ್ವರು 'ಎರಡರಷ್ಟು' ಎಂದು ಬರೆದರು, ಒಬ್ಬರು 'ಅಷ್ಟೇ ಇರುತ್ತದೆ' ಎಂದರು, ಒಬ್ಬರು ಬರೆಯಲಿಲ್ಲ. ಬಂದ ಅಳತೆಗಳು: 1.4 ವೋಲ್ಟಿಗೆ 0.14 ಆಂಪೇರ್, 2.7ಕ್ಕೆ 0.28, 4.1ಕ್ಕೆ 0.40, 5.4ಕ್ಕೆ 0.54. ಅನುಪಾತ 10, 9.6, 10.3, 10. ಎಲ್ಲರೂ ಸ್ವತಃ ಲೆಕ್ಕ ಮಾಡಿದ್ದರಿಂದ ಒಂದು ಪ್ರಶ್ನೆ ತಾನಾಗಿ ಎದ್ದಿತು: 'ಮೇಡಂ, ಒಂದೇ ಬರಬೇಕಲ್ಲವಾ? ಬಂದಿಲ್ಲವಲ್ಲ?' ಮೊದಲ ಪಾಠದಲ್ಲಿ ಈ ಪ್ರಶ್ನೆ ಏಳುವ ಸಂಭವವೇ ಇರಲಿಲ್ಲ. ಮುಳ್ಳು ಎರಡು ಗೆರೆಗಳ ನಡುವೆ ನಿಂತಾಗ ಹತ್ತಿರದ ಗೆರೆಯನ್ನು ಓದುತ್ತೇವೆ, ಅಷ್ಟರಲ್ಲೇ ಇಷ್ಟು ವ್ಯತ್ಯಾಸ ಬರುತ್ತದೆ ಎಂಬ ವಿವರಣೆಗೂ ಈಗ ಯೋಜನೆಯಲ್ಲಿ ಜಾಗ ಬೇಕಾಯಿತು. ಇನ್ನೊಬ್ಬರು V/I ಬದಲು I/V ಮಾಡಿ 0.1 ಎಂದು ಬರೆದಿದ್ದರು. ಅದೂ ಸ್ಥಿರವೇ. ಹಾಗಾದರೆ ನಾವು ಯಾವುದಕ್ಕೆ ರೋಧ ಎಂದು ಹೆಸರಿಡುತ್ತೇವೆ, ಏಕೆ ಎಂಬ ಚರ್ಚೆಗೆ ಅದು ದಾರಿಯಾಯಿತು.

ಎಲ್ಲವೂ ಸರಿಹೋಯಿತು ಎಂದೇನಲ್ಲ. ಅನುಪಾತ ಮತ್ತು ಗ್ರಾಫ್‌ಗೆ ಎಂಟರ ಬದಲು ಹನ್ನೊಂದು ನಿಮಿಷ ಹಿಡಿಯಿತು. ಚೀಟಿಯ ಪರೀಕ್ಷೆಯನ್ನು ಮತ್ತೆ ಮಾಡಿದೆವು. ಸಮಯ ಹೋದದ್ದು ಅಕ್ಷಗಳನ್ನು ಎಳೆದು ಪ್ರಮಾಣ ಗುರುತಿಸುವುದಕ್ಕೆ. ಈ ಸಲ ಗೆರೆ ಅದೇ ಸಾಲಿಗೆ ಮರಳಿತು, ಅಂದರೆ ಸ್ಥಳೀಯ ದೋಷ. ರೋಲ್ ಅಪ್ ಬೋರ್ಡಿನಲ್ಲಿ ಅಕ್ಷಗಳನ್ನು ಮೊದಲೇ ಬರೆದಿಟ್ಟು ಮಕ್ಕಳು ಬಿಂದುಗಳನ್ನು ಮಾತ್ರ ಗುರುತಿಸುವುದು ಎಂದು ತೀರ್ಮಾನವಾಯಿತು. ಇನ್ನೊಂದು ಸಂಗತಿಯೂ ಗೊತ್ತಾಯಿತು: ಮಕ್ಕಳು ಸರದಿಯಲ್ಲಿ ಓದುವಾಗ ಪ್ಲಗ್ ಕೀ ಹೆಚ್ಚು ಹೊತ್ತು ಮುಚ್ಚಿರುತ್ತದೆ. ತಂತಿ ಬಿಸಿಯಾಗುತ್ತದೆ, ಕೋಶಗಳೂ ಬೇಗ ಸೊರಗುತ್ತವೆ. ಉಷ್ಣತೆ ಬದಲಾಗದಿದ್ದರೆ ಮಾತ್ರ ಎಂಬ ಷರತ್ತು ನಿಯಮದಲ್ಲೇ ಇದೆ. ಓದುವ ಕ್ಷಣಕ್ಕೆ ಮಾತ್ರ ಕೀ ಹಾಕಿ, ಓದಿದ ಕೂಡಲೇ ತೆಗೆಯಬೇಕು ಎಂಬುದು ಯೋಜನೆಯಲ್ಲಿ ಸೇರಿತು. ಕೆಲಸವನ್ನು ಮಕ್ಕಳ ಕೈಗೆ ಕೊಟ್ಟಾಗಲಷ್ಟೇ ಹುಟ್ಟುವ ತೊಡಕು ಇದು.

ಎದುರು ಮಾತುಗಳು

ಶಿಕ್ಷಕರಿಗೆ ಭಾಷೆಯೇ ಬಂಡವಾಳ, ಪದಗಳನ್ನು ತಿದ್ದುವುದನ್ನು ಕೀಳಾಗಿ ಕಾಣಬಾರದು ಎಂದು ಗೆಳೆಯರೊಬ್ಬರು ವಾದಿಸಿದರು. ನಾನೂ ಒಪ್ಪುತ್ತೇನೆ. ವಿಭವಾಂತರದ ವಿಷಯದಲ್ಲಿ ಪದವನ್ನು ತಿದ್ದದೆ ಬೇರೆ ದಾರಿಯಿರಲಿಲ್ಲ. ನನ್ನ ತಕರಾರು ಸರದಿಯ ಬಗ್ಗೆ ಮಾತ್ರ. ಮೊದಲು ಪದ ತಿದ್ದಿ ಆಮೇಲೆ ಕ್ರಮ ಬದಲಿಸಿದರೆ ತಿದ್ದಿದ ಆ ವಾಕ್ಯಗಳಲ್ಲಿ ಅರ್ಧ ಪಾಠದಲ್ಲೇ ಉಳಿಯುವುದಿಲ್ಲ. ಬರವಣಿಗೆಯ ಕ್ಷೇತ್ರದಲ್ಲಿ ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಗುರುತಿಸಿತು: ವಿದ್ಯಾರ್ಥಿ ಬರಹಗಾರರಿಗೆ ತಿದ್ದುವುದೆಂದರೆ ಮುಖ್ಯವಾಗಿ ಪದ ಬದಲಿಸುವುದು, ಪಳಗಿದ ಬರಹಗಾರರಿಗೆ ಅದು ತಮ್ಮ ವಾದಕ್ಕೆ ತಕ್ಕ ಆಕಾರ ಹುಡುಕುವುದು. ಪಾಠಯೋಜನೆಯೂ ಒಂದು ಬರಹವೇ ಎಂದುಕೊಂಡರೆ ನಾವು ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆ.

ಇನ್ನೊಂದು ಮಾತು ಹೆಚ್ಚು ತೂಕದ್ದು. ಪಾಠಕ್ಕೆ ಒಂದೇ ರಾತ್ರಿ ಉಳಿದಿರುವಾಗ ಕ್ರಮ ಬದಲಿಸುವುದು ಅಪಾಯ. ತಾಲೀಮು ಮಾಡದ ಹೊಸ ಕ್ರಮಕ್ಕಿಂತ ತಾಲೀಮು ಮಾಡಿದ ಹಳೆಯ ಕ್ರಮವೇ ವಾಸಿ ಎನ್ನುವವರಿದ್ದಾರೆ. ಇದೂ ನಿಜ. ಅಂಥ ಸ್ಥಿತಿಯಲ್ಲಿ ಒಂದೇ ಒಂದು ರಚನಾ ಬದಲಾವಣೆ ಮಾಡಬಹುದು, ಅದು ಕಡಿತವಾಗಿರಲಿ. ತೆಗೆದದ್ದಕ್ಕೆ ತಾಲೀಮು ಬೇಕಿಲ್ಲ. ಉಳಿದದ್ದನ್ನು ಮುಂದಿನ ಪಾಠಕ್ಕೆ ಇಟ್ಟುಕೊಳ್ಳಬಹುದು. ಒಬ್ಬರೇ ಒಬ್ಬರು ಹೇಳಿದ, ಬೇರಾವ ಚೀಟಿಯ ಗೆರೆಯೂ ಹೋಗಿ ಸೇರದ ಟೀಕೆಗಾಗಿಯೂ ಪಾಠ ಕೆಡವಿ ಕಟ್ಟಬೇಕಿಲ್ಲ.

ಮಾರ್ಗದರ್ಶಕರಲ್ಲಿ ಎರಡು ಕೋರಿಕೆ

ನಾವು ಪದಕ್ಕೇ ಅಂಟಿಕೊಳ್ಳಲು ನಮ್ಮ ವ್ಯವಸ್ಥೆಯೂ ಸ್ವಲ್ಪ ಕಾರಣ ಎಂದು ವಿನಯದಿಂದ ಹೇಳಬಯಸುತ್ತೇನೆ. ಪೂರ್ವಾಭ್ಯಾಸದ ಹೊತ್ತಿಗೆ ಪಾಠಯೋಜನೆ ಶಾಯಿಯಲ್ಲಿ ಬರೆದಾಗಿರುತ್ತದೆ, ಮಾರ್ಗದರ್ಶಕರ ಸಹಿಯೂ ಬಿದ್ದಿರುತ್ತದೆ. ಕ್ರಮ ಬದಲಿಸಬೇಕೆಂದರೆ ಐದಾರು ಪುಟಗಳನ್ನು ಮತ್ತೆ ಬರೆದು ಮತ್ತೆ ಸಹಿಗೆ ನಿಲ್ಲಬೇಕು. ಒಂದು ಪದ ಹೊಡೆದು ಮೇಲೆ ಇನ್ನೊಂದು ಬರೆಯುವುದು ಎಷ್ಟೋ ಸುಲಭ. ಪೂರ್ವಾಭ್ಯಾಸಕ್ಕೆ ಪೆನ್ಸಿಲಿನಲ್ಲಿ ಬರೆದ ಒಂದು ಪುಟದ ಕರಡು, ಅದರ ನಂತರ ಪೂರ್ಣ ಯೋಜನೆ ಮತ್ತು ಸಹಿ ಎಂದಾದರೆ ಕ್ರಮ ಬದಲಿಸಲು ನಮಗೆ ಧೈರ್ಯ ಬರುತ್ತದೆ. ಬರೆಯುವ ಶ್ರಮವೂ ಹೆಚ್ಚುವುದಿಲ್ಲ.

ಎರಡನೆಯದು ವೀಕ್ಷಣಾ ನಮೂನೆ. ಪೀಠಿಕೆ, ಪ್ರಶ್ನಿಸುವಿಕೆ, ವಿವರಣೆ, ಕಪ್ಪುಹಲಗೆ, ಧ್ವನಿ ಎಂದು ಕೌಶಲಗಳು ಒಂದೊಂದು ಸಾಲಾಗಿ ನಿಂತಿವೆ, ಒಂದೊಂದಕ್ಕೂ ಅಂಕ. ಹಂತಗಳ ನಡುವಣ ಸಂಬಂಧಕ್ಕೆ ಅಲ್ಲಿ ಸಾಲಿಲ್ಲ. ನಮೂನೆ ಏನನ್ನು ಕೇಳುತ್ತದೋ ವೀಕ್ಷಕರು ಅದನ್ನೇ ನೋಡುತ್ತಾರೆ. ಕೊನೆಯಲ್ಲಿ ಮೂರು ಪ್ರಶ್ನೆ ಸೇರಿಸಿದರೆ ಸಾಕು: ಯಾವ ನಿಮಿಷದಲ್ಲಿ ಮಕ್ಕಳಿಗೆ ಮಾಡಲು ಏನೂ ಇರಲಿಲ್ಲ? ಯಾವ ಹಂತ ಬೇಕಿದ್ದದ್ದಕ್ಕಿಂತ ಮೊದಲು ಅಥವಾ ತಡವಾಗಿ ಬಂತು? ಯಾವುದನ್ನು ತೆಗೆದರೆ ಪಾಠಕ್ಕೆ ನಷ್ಟವಿಲ್ಲ? ಈ ಮೂರರ ಉತ್ತರಗಳು ಕೈಯಲ್ಲಿದ್ದರೆ ಮರುಯೋಜನೆಗೆ ಇಟ್ಟ ಆ ಹನ್ನೆರಡು ನಿಮಿಷಗಳಲ್ಲಿ ಮಾಡಲು ನಿಜವಾದ ಕೆಲಸ ಸಿಗುತ್ತದೆ.